ಬಾಯಿಗೆ ಮೂರು ಬೆರಳು ಹೋಗುತ್ತವಾ? ಅಡಿಕೆ ಹಾಕುವವರು ಮನೆಯಲ್ಲೇ ಮಾಡಿಕೊಳ್ಳಬೇಕಾದ ಪರೀಕ್ಷೆ

ಎರಡು ವರ್ಷದ ಹಿಂದಿನ ಮಾತು. ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ ನನ್ನ ಹತ್ತಿರ ಬಂದ. ವಯಸ್ಸು 27. ಬಂದಿದ್ದು ಹುಳುಕು ಹಲ್ಲಿಗೆ. ಕುರ್ಚಿಯಲ್ಲಿ ಕೂರಿಸಿ "ಬಾಯಿ ಅಗಲ ಮಾಡಿ" ಅಂದೆ. ಮಾಡಿದ. "ಇನ್ನೂ ಅಗಲ" ಅಂದೆ. "ಇಷ್ಟೇ ಸಾರ್, ಪೂರ್ತಿ ತೆಗ್ದಿದೀನಿ" ಅಂದ. ಹಿಂದಿನ ದವಡೆ ಹಲ್ಲಿಗೆ ನನ್ನ ಕನ್ನಡಿ ಹೋಗುವುದೇ ಕಷ್ಟವಾಗಿತ್ತು.

ಮಾತಾಡುತ್ತಾ ಹೋದಂತೆ ಕತೆ ಬಿಚ್ಚಿಕೊಂಡಿತು. ಒಂದೂವರೆ ವರ್ಷದಿಂದ ಊಟ ಮಾಡಿದರೆ ಬಾಯಿ ಉರಿ. "ಖಾರ ಕಮ್ಮಿ ಹಾಕು ಅಂದ್ರೆ ಮನೇಲಿ ಕೇಳಲ್ಲ ಸಾರ್" ಅಂತ ಹೆಂಡತಿ ಮೇಲೆ ದೂರು. ಜೊತೆಗೆ ಬಂದಿದ್ದ ಆಕೆ ತಕ್ಷಣ ಹೇಳಿದಳು: "ನಾನು ಹಾಕೋದೇ ಎರಡು ಮೆಣಸಿನಕಾಯಿ. ಮಗು ಅದೇ ಸಾರು ಊಟ ಮಾಡುತ್ತೆ." ಮೆಡಿಕಲ್ ಶಾಪಿನಲ್ಲಿ ಬಿ ಕಾಂಪ್ಲೆಕ್ಸ್ ಮಾತ್ರೆ ತಗೊಂಡಿದ್ದ. ಹುಣ್ಣಿಗೆ ಹಚ್ಚುವ ಜೆಲ್ ತಗೊಂಡಿದ್ದ. ನಾಲ್ಕು ದಿನ ಆರಾಮ, ಮತ್ತೆ ಅದೇ. ಆರು ತಿಂಗಳಿಂದ ಪಾನಿಪುರಿ ಬಾಯಲ್ಲಿ ಇಡೀ ಹೋಗುತ್ತಿರಲಿಲ್ಲ. ಒಡೆದು ತಿನ್ನುತ್ತಿದ್ದ. "ಪುರಿ ದೊಡ್ಡದು ಮಾಡ್ತಿದಾರೆ ಅಂದ್ಕೊಂಡೆ" ಅಂದ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ದಿನಕ್ಕೆ ಹತ್ತು ಹನ್ನೆರಡು ಪಾನ್ ಮಸಾಲಾ ಪ್ಯಾಕೆಟ್, ನಾಲ್ಕು ವರ್ಷದಿಂದ. "ತಂಬಾಕು ಮುಟ್ಟಿಲ್ಲ ಸಾರ್, ಬರೀ ಅಡಿಕೆ" ಅಂತ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ಅವನಿಗೆ ಇದ್ದದ್ದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಾಯಿಯ ಒಳಚರ್ಮದ ಕೆಳಗೆ ನಾರು ಬೆಳೆದು, ಮೆತ್ತಗಿರಬೇಕಾದ ಜಾಗ ಗಟ್ಟಿಯಾಗಿ, ಬಾಯಿ ನಿಧಾನಕ್ಕೆ ಮುಚ್ಚುತ್ತಾ ಬರುವ ರೋಗ. ಹೆಸರು ಉದ್ದ ಇದೆ, ನೆನಪಿಡುವುದು ಬೇಡ. ನಮ್ಮ ಕಡೆ ಜನ "ಬಾಯಿ ಕಟ್ಟಿದೆ" ಅನ್ನುತ್ತಾರೆ. ನೆನಪಿಡಬೇಕಾದ್ದು ಒಂದೇ: ಮೊದಲು ಬಾಯಿ ಉರಿಯುತ್ತದೆ, ಬಾಯಿ ಕಟ್ಟುವುದು ಆಮೇಲೆ. ಈ ಎರಡರ ನಡುವೆ ಸಿಗುವ ಸಮಯದಲ್ಲಿ ಏನು ನೋಡಬೇಕು, ಏನು ಮಾಡಬೇಕು ಅನ್ನುವುದಕ್ಕೇ ಈ ಬರಹ.

ಅಡಿಕೆ ಬಾಯಿಯನ್ನು ಹೇಗೆ ಗಟ್ಟಿ ಮಾಡುತ್ತದೆ

ನಾನೂ ತೋಟದ ಮನೆಯವನೇ. ಕೆಂಪಡಿಕೆ ಬೇಯಿಸುವ ಹಂಡೆಯ ಹತ್ತಿರ ನಿಂತವರಿಗೆಲ್ಲ ಅಡಿಕೆ ಬೆಂದ ನೀರಿನ ಚೊಗರು ಗೊತ್ತು. ಕೈಗೆ ತಾಗಿದರೆ ವಾರಗಟ್ಟಲೆ ಬಣ್ಣ ಹೋಗುವುದಿಲ್ಲ. ನಾಲಿಗೆಗೆ ತಾಗಿದರೆ ಒಗರು, ಬಾಯೆಲ್ಲ ಹಿಡಿದುಕೊಂಡ ಹಾಗೆ. ಆ ಒಗರಿಗೆ ಕಾರಣ ಟ್ಯಾನಿನ್. ದನದ ತೊಗಲನ್ನು ಹದ ಮಾಡಿ ಚಪ್ಪಲಿಯ ಚರ್ಮ ಮಾಡುವಾಗ ಮರದ ತೊಗಟೆಯಿಂದ ತೆಗೆದು ಬಳಸುವುದೂ ಇದೇ ಜಾತಿಯ ವಸ್ತುವನ್ನು. ತೊಗಲಿನಲ್ಲಿರುವ ಕೊಲಾಜೆನ್ ಎಂಬ ನಾರಿಗೆ ಅದು ಅಂಟಿಕೊಳ್ಳುತ್ತದೆ. ಆಮೇಲೆ ಆ ತೊಗಲು ಕೊಳೆಯುವುದಿಲ್ಲ, ಕರಗುವುದಿಲ್ಲ.

ನಮ್ಮ ಕೆನ್ನೆಯ ಒಳಗೂ ಅದೇ ಕೊಲಾಜೆನ್ ಇದೆ. ದೇಹ ಹಳೆಯ ನಾರನ್ನು ಕರಗಿಸುತ್ತಾ, ಹೊಸದನ್ನು ಹೆಣೆಯುತ್ತಾ ಇರುತ್ತದೆ. ಅಡಿಕೆಯ ಟ್ಯಾನಿನ್ ಈ ಕರಗಿಸುವ ಕೆಲಸಕ್ಕೆ ಅಡ್ಡ ಬರುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಇನ್ನೊಂದು ವಸ್ತು ಹೊಸ ನಾರು ಹೆಣೆಯುವ ಜೀವಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಜಾಸ್ತಿ. ಅದು ನಾರುಗಳನ್ನು ಒಂದಕ್ಕೊಂದು ಬಿಗಿಯಾಗಿ ಕಟ್ಟುವುದಕ್ಕೆ ಕುಮ್ಮಕ್ಕು ಕೊಡುತ್ತದೆ. ಅಂದರೆ ಹೊಸ ನಾರು ಬರುವುದು ಜಾಸ್ತಿ, ಹಳೆಯದು ಹೋಗುವುದು ಕಡಿಮೆ, ಇರುವುದೆಲ್ಲ ಬಿಗಿ. ಕೆನ್ನೆಯೊಳಗೇ ನಿಧಾನಕ್ಕೆ ಚರ್ಮ ಹದ ಮಾಡುವ ಕೆಲಸ ನಡೆದ ಹಾಗೆ.

ಇಲ್ಲಿ ತಂಬಾಕಿನ ಪ್ರಸ್ತಾಪವೇ ಬರಲಿಲ್ಲ, ಗಮನಿಸಿ. ಈ ರೋಗಕ್ಕೆ ಅಡಿಕೆ ಒಂದೇ ಸಾಕು. ತಂಬಾಕು ಸೇರಿದರೆ ಕ್ಯಾನ್ಸರಿನ ಅಪಾಯ ಇನ್ನೂ ಏರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತಂಬಾಕಿಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ, 2004ರಲ್ಲಿ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ತಂಬಾಕಿಲ್ಲದ ಪಾನ್ ಮಸಾಲಾ ಮಾತ್ರ ಅಂಗಡಿ ಮುಂದೆ ಸರ ಸರವಾಗಿ ನೇತಾಡುತ್ತಲೇ ಇದೆ. ಅದನ್ನು ಹಾಕುವವರು "ನಾನು ಗುಟ್ಕಾ ಬಿಟ್ಟೆ" ಅಂದುಕೊಂಡಿರುತ್ತಾರೆ.

"ನಮ್ಮಜ್ಜ 80 ವರ್ಷ ಬದುಕಿದರು, ಕೊನೇತನಕ ಎಲೆಅಡಿಕೆ ಹಾಕಿದರು, ಏನೂ ಆಗಲಿಲ್ಲ" ಅಂತ ದಿನಾ ಒಬ್ಬರಾದರೂ ಹೇಳುತ್ತಾರೆ. ಅಜ್ಜ ಊಟ ಆದಮೇಲೆ ಜಗಲಿಯಲ್ಲಿ ಕೂತು, ಎಲೆಗೆ ಸುಣ್ಣ ಸವರಿ, ಒಂದು ಹೋಳು ಅಡಿಕೆ ಹಾಕಿ, ಸ್ವಲ್ಪ ಹೊತ್ತಿಗೆ ಉಗುಳಿ ಬಾಯಿ ಮುಕ್ಕಳಿಸುತ್ತಿದ್ದರು. ಮೊಮ್ಮಗ ಹಾಕುವ ಪ್ಯಾಕೆಟ್ಟಿನಲ್ಲಿ ಎಲೆಯ ಹಸಿ ಇಲ್ಲ. ಪೂರ್ತಿ ಒಣ ಅಡಿಕೆಯ ಚೂರು. ಅದನ್ನು ಕೆನ್ನೆಯ ಸಂದಿಗೆ ತಳ್ಳಿ ಗಂಟೆಗಟ್ಟಲೆ ಇಟ್ಟುಕೊಳ್ಳುತ್ತಾನೆ. ಎಲೆಅಡಿಕೆಯವರಿಗೆ ಎಂಟು ಹತ್ತು ವರ್ಷಕ್ಕೆ ಬರುವ ಈ ತೊಂದರೆ ಪಾನ್ ಮಸಾಲಾದವರಿಗೆ ಎರಡು ಮೂರು ವರ್ಷಕ್ಕೇ ಬಂದದ್ದಿದೆ. ಹಾಗಂತ ಅಜ್ಜನ ಕವಳ ಸುರಕ್ಷಿತ ಅಂತ ಅರ್ಥವಲ್ಲ. ಎಲೆಅಡಿಕೆ ಮಾತ್ರ ಹಾಕಿ ಬಾಯಿ ಕ್ಯಾನ್ಸರ್ ಆದ ಅಜ್ಜ ಅಜ್ಜಿಯರನ್ನೂ ನೋಡಿದ್ದೇನೆ. ಅವರ ಕತೆಯನ್ನು ಮೊಮ್ಮಕ್ಕಳು ಜಗಲಿಯಲ್ಲಿ ಹೇಳುವುದಿಲ್ಲ, ಅಷ್ಟೇ.

ಮೊದಲ ಹೆಜ್ಜೆ: ಉರಿಯನ್ನು ಗುರುತಿಸುವುದು

ಈ ಉರಿಗೆ ಒಂದು ಗುಣ ಇದೆ. ಸುಮ್ನೆ ಕೂತಾಗ ಸಾಮಾನ್ಯವಾಗಿ ಇರುವುದಿಲ್ಲ. ಖಾರ, ಹುಳಿ, ಬಿಸಿ ತಾಗಿದಾಗ ಭುಗ್ಗೆನ್ನುತ್ತದೆ. ಮನೆಯವರೆಲ್ಲ ಆರಾಮಾಗಿ ತಿನ್ನುವ ಸಾರು ನಿಮಗೊಬ್ಬರಿಗೇ ಖಾರ. ಉಪ್ಪಿನಕಾಯಿ ತಾನಾಗಿಯೇ ತಟ್ಟೆಯಿಂದ ಮಾಯವಾಗುತ್ತದೆ. ಮೊಸರನ್ನ ಇಷ್ಟವಾಗತೊಡಗುತ್ತದೆ. ಟೀ ಆರಿಸಿ ಕುಡಿಯುತ್ತೀರಿ. ಅಭ್ಯಾಸ ಬದಲಾದದ್ದು ನಿಮಗೇ ಗೊತ್ತಾಗುವುದಿಲ್ಲ, ಅದಕ್ಕೇ ಮನೆಯವರನ್ನು ಕೇಳಿ. ನನ್ನ ಅನುಭವದಲ್ಲಿ ಇದನ್ನು ಮೊದಲು ಗಮನಿಸುವುದು ಅಡುಗೆ ಮಾಡುವವರು.

ಉರಿಯ ಜೊತೆಗೆ ಬಾಯಿಯ ಅಂಗುಳಿನಲ್ಲಿ ಮತ್ತು ಕೆನ್ನೆಯ ಒಳಗೆ ಸಣ್ಣ ಸಣ್ಣ ನೀರ್ಗುಳ್ಳೆ ಏಳಬಹುದು. ಒಡೆದು ಹುಣ್ಣಾಗುತ್ತವೆ, ವಾರಕ್ಕೆ ಮಾಯುತ್ತವೆ, ಮತ್ತೆ ಬರುತ್ತವೆ. ಕೆಲವರಿಗೆ ಬಾಯಿ ಒಣಗುತ್ತದೆ, ಕೆಲವರಿಗೆ ಜೊಲ್ಲು ಜಾಸ್ತಿ. ರುಚಿ ಮಂಕಾಗುತ್ತದೆ. ಈ ಹಂತದಲ್ಲಿ ಬಾಯಿ ಪೂರ್ತಿ ತೆರೆಯುತ್ತಿರುತ್ತದೆ. ಹಾಗಾಗಿ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. "ಉಷ್ಣ ಆಗಿದೆ" ಅಂತ ಎಳನೀರು ಕುಡಿಯುತ್ತಾರೆ.

ಎಲ್ಲ ಬಾಯಿ ಉರಿಯೂ ಇದೇ ಅಲ್ಲ. ರಕ್ತ ಕಡಿಮೆ ಇದ್ದರೆ, ಬಿ 12 ಕೊರತೆ ಇದ್ದರೆ, ಬಾಯಲ್ಲಿ ಬೂಷ್ಟಿನ ಸೋಂಕಾದರೆ, ಲೈಕನ್ ಪ್ಲಾನಸ್ ಎಂಬ ಇನ್ನೊಂದು ಚರ್ಮರೋಗ ಇದ್ದರೂ ಉರಿಯುತ್ತದೆ. ಆದರೆ ಅಡಿಕೆ ಹಾಕುವವರಿಗೆ ಎರಡು ವಾರ ದಾಟಿದ ಉರಿ ಇದ್ದರೆ ಮೊದಲು ಅಡಿಕೆಯ ಮೇಲೆ ಅನುಮಾನ ಪಡಿ. ಮರಗಟ್ಟಿಸುವ ಜೆಲ್ ಹಚ್ಚಿಕೊಂಡು ಉರಿಯನ್ನು ಮುಚ್ಚಬೇಡಿ. ಆ ಹುಡುಗ ಕಳೆದುಕೊಂಡ ಒಂದೂವರೆ ವರ್ಷದಲ್ಲಿ ಬಹುಪಾಲು ಹೋದದ್ದು ಈ ಜೆಲ್ಲುಗಳ ಲೆಕ್ಕಕ್ಕೆ.

ಎರಡನೆಯ ಹೆಜ್ಜೆ: ಬೆರಳು, ಆಮೇಲೆ ಸ್ಕೇಲು

ಕೈ ಸಾಬೂನಿನಲ್ಲಿ ತೊಳೆದುಕೊಳ್ಳಿ. ತೋರುಬೆರಳು, ನಡುಬೆರಳು, ಉಂಗುರಬೆರಳು, ಮೂರನ್ನೂ ಒಟ್ಟಿಗೆ ಸೇರಿಸಿ. ಒಂದರ ಮೇಲೊಂದು ನಿಲ್ಲುವ ಹಾಗೆ ಕೈ ಅಡ್ಡ ತಿರುಗಿಸಿ. ಬಾಯಿ ಪೂರ್ತಿ ತೆರೆದು ಮುಂದಿನ ಮೇಲಿನ ಹಲ್ಲು ಮತ್ತು ಕೆಳಗಿನ ಹಲ್ಲಿನ ನಡುವೆ ಮೊದಲ ಗೆಣ್ಣಿನವರೆಗೆ ತೂರಿಸಿ. ಮೂರೂ ಹೋದರೆ ಸದ್ಯಕ್ಕೆ ಸರಿ. ಮೂರನೆಯದು ಉಜ್ಜಿಕೊಂಡು ಹೋಗುತ್ತದೆ ಅಥವಾ ನೋವಾಗುತ್ತದೆ ಅಂದರೆ ಎಚ್ಚರ. ಎರಡೇ ಹೋದರೆ ಈ ವಾರವೇ ತೋರಿಸಬೇಕು. ನಿಮ್ಮ ಬಾಯಿಗೆ ನಿಮ್ಮದೇ ಬೆರಳು. ಮಗನ ಬಾಯಿಗೆ ಅಪ್ಪನ ಬೆರಳು ಹಾಕಿ ನೋಡಿದರೆ ಲೆಕ್ಕ ತಪ್ಪುತ್ತದೆ.

ಬೆರಳು ಸ್ಥೂಲ ಅಳತೆ. ತಿಂಗಳಿಂದ ತಿಂಗಳಿಗೆ ಹೋಲಿಸುವುದಕ್ಕೆ ಸ್ಕೇಲೇ ಬೇಕು. ಮಕ್ಕಳ ಪ್ಲಾಸ್ಟಿಕ್ ಸ್ಕೇಲು ಸಾಕು, ತೊಳೆದುಕೊಳ್ಳಿ. ಕನ್ನಡಿ ಮುಂದೆ ನಿಂತು ಸ್ಕೇಲಿನ ತುದಿಯನ್ನು ಕೆಳಗಿನ ಮುಂದಿನ ಹಲ್ಲಿನ ಅಂಚಿನ ಮೇಲೆ ನೇರ ನಿಲ್ಲಿಸಿ. ಮೇಲಿನ ಮುಂದಿನ ಹಲ್ಲಿನ ಅಂಚು ಎಷ್ಟು ಮಿಲಿಮೀಟರಿಗೆ ಬರುತ್ತದೆ ನೋಡಿ.

ಇಲ್ಲೊಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ. ಬಹಳಷ್ಟು ಸ್ಕೇಲುಗಳಲ್ಲಿ ಸೊನ್ನೆ ತುದಿಯಲ್ಲಿ ಇರುವುದಿಲ್ಲ, ನಾಲ್ಕೈದು ಮಿಲಿಮೀಟರ್ ಒಳಗಿರುತ್ತದೆ. ಆ ಖಾಲಿ ಜಾಗವನ್ನು ಓದಿದ ಅಂಕಿಗೆ ಕೂಡಿಸಬೇಕು. ನಿಮ್ಮ ಸ್ಕೇಲಿನಲ್ಲಿ ಖಾಲಿ ಜಾಗ 5 ಮಿ.ಮೀ. ಇದ್ದು, ಓದಿದ್ದು 33 ಆದರೆ ನಿಜವಾದ ಅಳತೆ 38. ಮೂರು ಸಲ ಅಳೆದು ಅದರಲ್ಲಿ ದೊಡ್ಡದನ್ನು ತಾರೀಖಿನ ಜೊತೆ ಬರೆದಿಡಿ. ಪ್ರತಿ ಸಲವೂ ಅದೇ ಹಲ್ಲು, ಅದೇ ಸ್ಕೇಲು. ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ಅದು ಕೈಯ ಅಲುಗಾಟ. ಎರಡು ತಿಂಗಳು ಸತತ ಇಳಿಯುತ್ತಾ ಬಂದರೆ ಅದು ರೋಗ.

ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿ.ಮೀ. ತೆರೆಯುತ್ತದೆ. ಹೆಂಗಸರಲ್ಲಿ ಸ್ವಲ್ಪ ಕಡಿಮೆ. ಡಾಕ್ಟರುಗಳು ಬಳಸುವ ಒಂದು ವಿಂಗಡಣೆಯ ಪ್ರಕಾರ 35ಕ್ಕಿಂತ ಜಾಸ್ತಿ ಇದ್ದು ಉರಿ ಮಾತ್ರ ಇದ್ದರೆ ಆರಂಭ. 26ರಿಂದ 35 ಎರಡನೆಯ ಹಂತ. 15ರಿಂದ 25 ಮೂರನೆಯದು. 15ಕ್ಕಿಂತ ಕೆಳಗೆ ಹೋದರೆ ಅನ್ನದ ತುತ್ತೂ ಕಷ್ಟ, ಹಲ್ಲುಜ್ಜುವ ಬ್ರಷ್ ಒಳಗೆ ತಿರುಗುವುದಿಲ್ಲ. ಆದರೆ 45 ತೆರೆಯುತ್ತಿದ್ದವರ ಬಾಯಿ 38ಕ್ಕೆ ಬಂದಿದ್ದರೆ ಪಟ್ಟಿಯಲ್ಲಿ ಅದು "ಸರಿ" ಅಂತಲೇ ಕಾಣುತ್ತದೆ. ಅದಕ್ಕೇ ಇವತ್ತೇ ಒಂದು ಅಳತೆ ಬರೆದಿಡಿ ಅನ್ನುವುದು. ಮುಂದೆ ಹೋಲಿಸಲು ನಿಮ್ಮದೇ ಅಂಕಿ ಇರಬೇಕು.

ನಮ್ಮ ಮಂಡಿ ಹುಡುಗನದು ಅವತ್ತು 29 ಮಿ.ಮೀ. ಇತ್ತು. ಮೊದಲು ಎಷ್ಟಿತ್ತೋ ಯಾರಿಗೂ ಗೊತ್ತಿಲ್ಲ.

ಮೂರನೆಯ ಹೆಜ್ಜೆ: ಕನ್ನಡಿ ಮುಂದೆ ಐದು ನಿಮಿಷ

ಮೊಬೈಲ್ ಟಾರ್ಚ್ ಹಚ್ಚಿ ಕೆನ್ನೆಯ ಒಳಭಾಗ ನೋಡಿ. ಆರೋಗ್ಯದ ಕೆನ್ನೆ ಗುಲಾಬಿ ಬಣ್ಣ, ಒದ್ದೆ ಹೊಳಪು. ರೋಗ ಹತ್ತಿದ ಕೆನ್ನೆ ಬಿಳಚಿಕೊಂಡಿರುತ್ತದೆ. ಒಂದೇ ಸಮ ಬಿಳಿ ಅಲ್ಲ, ನೆಲಕ್ಕೆ ಹಾಕುವ ಮಾರ್ಬಲ್ ಥರ ಬಿಳಿ ಗುಲಾಬಿ ಬೆರೆತ ಮೋಡ ಮೋಡ. ಈ ಬಿಳಚುವಿಕೆ ಬಾಯಿ ಕಟ್ಟುವುದಕ್ಕೆ ಮೊದಲೇ ಕಾಣಿಸುತ್ತದೆ.

ಆಮೇಲೆ ತೋರುಬೆರಳು ಕೆನ್ನೆಯ ಒಳಗೆ, ಹೆಬ್ಬೆರಳು ಹೊರಗೆ ಇಟ್ಟು ಮೆಲ್ಲಗೆ ಹಿಸುಕುತ್ತಾ ಹಿಂದೆ ಮುಂದೆ ಸರಿಸಿ. ಚೆನ್ನಾಗಿರುವ ಕೆನ್ನೆ ನಾದಿದ ಚಪಾತಿ ಹಿಟ್ಟಿನ ಹಾಗೆ ಬಾಗುತ್ತದೆ. ರೋಗ ಇದ್ದರೆ ಮೇಲಿನಿಂದ ಕೆಳಗೆ ಹುರಿಯಂಥ ಎಳೆ ಬೆರಳಿಗೆ ಸಿಗುತ್ತದೆ. ಬಾಯಿ ಅಗಲ ಮಾಡಿದಾಗ ಅದು ಬಿಗಿದ ತಂತಿಯ ಹಾಗೆ ನಿಲ್ಲುತ್ತದೆ. ಯಾವ ಬದಿಗೆ ಅಡಿಕೆ ಇಟ್ಟುಕೊಳ್ಳುತ್ತೀರೋ ಆ ಕಡೆ ಜಾಸ್ತಿ ಇರಬಹುದು. ಎರಡೂ ಕಡೆ ನೋಡಿ.

ಇನ್ನು ಮೂರು ಆಟ. ನಾಲಿಗೆ ಪೂರ್ತಿ ಹೊರಗೆ ಚಾಚಿ, ಕೆಳತುಟಿ ದಾಟಿ ಗದ್ದದ ಕಡೆ ಹೋಗಬೇಕು. ಬಾಯಿ ತುಂಬ ನೀರು ತುಂಬಿ ಕೆನ್ನೆ ಉಬ್ಬಿಸಿ ಮುಕ್ಕಳಿಸಿ, ಕೆನ್ನೆ ಚಪ್ಪಟೆಯಾಗೇ ಉಳಿದರೆ ಬಿಗಿತ ಬಂದಿದೆ. ಸಿಳ್ಳೆ ಹೊಡೆಯಿರಿ. ಮೊದಲು ಹೊಡೆಯುತ್ತಿದ್ದವರಿಗೆ ಈಗ ಬರುವುದಿಲ್ಲ ಅಂದರೆ ತುಟಿಯ ಸುತ್ತಲೂ ನಾರು ಕಟ್ಟುತ್ತಿದೆ. ಕಿರುನಾಲಿಗೆಯನ್ನೂ ನೋಡಿ. ರೋಗ ಹಿಂದಕ್ಕೆ ಹಬ್ಬಿದಾಗ ಅದು ಮುದುಡಿ ಮೊಗ್ಗಿನಂತಾಗುತ್ತದೆ. ಆಗ ಮಾತು ಮೂಗಿನಿಂದ ಬಂದಂತೆ ಕೇಳಬಹುದು, ನುಂಗಲು ಕಷ್ಟವಾಗಬಹುದು, ಕಿವಿ ಮುಚ್ಚಿದಂತೆಯೂ ಅನಿಸಬಹುದು.

ಬಾಯಿ ತೆರೆಯದಿರುವುದಕ್ಕೆ ಬೇರೆ ಕಾರಣಗಳೂ ಇವೆ. ಬುದ್ಧಿಹಲ್ಲಿನ ಸುತ್ತ ಕೀವಾದರೆ ಎರಡು ಮೂರು ದಿನದಲ್ಲಿ ಬಾಯಿ ಹಿಡಿಯುತ್ತದೆ, ಬಾವು, ನೋವು, ಕೆಲವೊಮ್ಮೆ ಜ್ವರ ಇರುತ್ತದೆ. ದವಡೆಯ ಕೀಲಿನ ತೊಂದರೆಯಾದರೆ ಕಿವಿಯ ಮುಂದೆ ಕಟಕಟ ಸದ್ದು, ಅಲ್ಲೇ ನೋವು. ಅಡಿಕೆಯಿಂದ ಬಾಯಿ ಕಟ್ಟುವುದು ತಿಂಗಳು, ವರ್ಷ ಹಿಡಿಯುತ್ತದೆ, ಸದ್ದಿಲ್ಲದೆ, ಹೆಚ್ಚು ನೋವಿಲ್ಲದೆ. ದಿಢೀರನೆ ದವಡೆ ಲಾಕ್ ಆಗಿ, ಮೈಯೆಲ್ಲ ಬಿಗಿಯುತ್ತಿದ್ದು, ಇತ್ತೀಚೆಗೆ ಗಾಯವೂ ಆಗಿದ್ದರೆ ಈ ಲೇಖನ ಪಕ್ಕಕ್ಕಿಟ್ಟು ಕೂಡಲೇ ಆಸ್ಪತ್ರೆಗೆ ಓಡಿ. ಅದು ಧನುರ್ವಾಯು ಆಗಿರಬಹುದು.

ಮತ್ತೊಂದು. ಎರಡು ವಾರಕ್ಕೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಕತ್ತಿನಲ್ಲಿ ಗಡ್ಡೆ, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಇವುಗಳಲ್ಲಿ ಯಾವುದು ಕಂಡರೂ ಅಳತೆ ಗಿಳತೆ ಬೇಡ, ನೇರ ಹೋಗಿ ತೋರಿಸಿ. ಈ ರೋಗ ಇರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ಜನರನ್ನು 17 ವರ್ಷದವರೆಗೆ ಗಮನಿಸಿದಾಗ ಐದು ಜನಕ್ಕೆ ಬಾಯಿ ಕ್ಯಾನ್ಸರ್ ಆಯಿತು. ಬಾಯಿ ತೆರೆಯದವರಲ್ಲಿ ಕ್ಯಾನ್ಸರ್ ಬಂದರೆ ಅದು ತಡವಾಗಿ ಕಣ್ಣಿಗೆ ಬೀಳುತ್ತದೆ.

ನಾಲ್ಕನೆಯ ಹೆಜ್ಜೆ: ನಿಲ್ಲಿಸುವುದು

ಕಡಿಮೆ ಮಾಡುತ್ತೇನೆ ಅನ್ನುವವರು ಬಹಳ ಜನ. ಹನ್ನೆರಡರಿಂದ ನಾಲ್ಕಕ್ಕೆ ಬರುತ್ತಾರೆ, ಆದರೆ ಆ ನಾಲ್ಕನ್ನು ಮೂರು ಮೂರು ಗಂಟೆ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕೆನ್ನೆ ಪ್ಯಾಕೆಟ್ ಎಣಿಸುವುದಿಲ್ಲ. ಅಡಿಕೆ ಎಷ್ಟು ಹೊತ್ತು ತಾಗಿತು ಅನ್ನುವುದೂ ಅದಕ್ಕೆ ಲೆಕ್ಕವೇ. ಕಡಿಮೆ ಮಾಡುವುದು ನಿಲ್ಲಿಸುವ ದಾರಿಯಲ್ಲಿ ಒಂದು ವಾರ ಸರಿ, ತಲುಪಬೇಕಾದ ಊರು ಅದಲ್ಲ.

ಅಡಿಕೆಗೂ ಚಟ ಹಿಡಿಯುತ್ತದೆ. ಬಿಟ್ಟ ಮೊದಲ ವಾರ ತಲೆನೋವು, ಸಿಡುಕು, ತೂಕಡಿಕೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಎಲ್ಲ ಇರುತ್ತದೆ. ಊಟ ಆದ ತಕ್ಷಣ, ಗಾಡಿ ಓಡಿಸುವಾಗ, ಟೀ ಅಂಗಡಿ ಮುಂದೆ ನಿಂತಾಗ ಆಸೆ ಜೋರು. ನಮ್ಮ ಹುಡುಗನ ಕಷ್ಟ ಇನ್ನೂ ಬೇರೆ, ಮಂಡಿಯಲ್ಲಿ ಕೂತವನಿಗೆ ಎದುರಿಗೇ ಅಡಿಕೆ ರಾಶಿ. ಅವನು ಮಾಡಿದ ಉಪಾಯ ನನಗೆ ಇಷ್ಟವಾಯಿತು. ಅಂಗಿಯ ಜೇಬಿನಲ್ಲಿ ಪ್ಯಾಕೆಟ್ ಇಡುತ್ತಿದ್ದ ಜಾಗಕ್ಕೆ ಹುರಿದ ಸೋಂಪಿನ ಪುಟ್ಟ ಡಬ್ಬಿ ಇಟ್ಟ. ಕೈ ಅಭ್ಯಾಸದಂತೆ ಅಲ್ಲಿಗೇ ಹೋಗುತ್ತಿತ್ತು, ಸಿಗುತ್ತಿದ್ದದ್ದು ಸೋಂಪು.

ಸೋಂಪನ್ನು ಮನೆಯಲ್ಲೇ ಹುರಿದುಕೊಳ್ಳಿ. ಅಂಗಡಿಯ ಬಣ್ಣ ಬಣ್ಣದ ಮುಖವಾಸಗಳಲ್ಲಿ ಸುಪಾರಿ ಬೆರೆಸಿದ್ದು ಬಹಳ. ಮದುವೆ ಮನೆಯಲ್ಲಿ ಮಕ್ಕಳ ಕೈಗೆ ಕೊಡುವ ಸಿಹಿ ಅಡಿಕೆ ಪೊಟ್ಟಣವೂ ಅಡಿಕೆಯೇ. ಸಕ್ಕರೆ ಹಚ್ಚಿದ ಮಾತ್ರಕ್ಕೆ ಕೆನ್ನೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಈ ರೋಗವನ್ನು ಶಾಲೆಗೆ ಹೋಗುವ ಮಕ್ಕಳಲ್ಲೂ ನೋಡುತ್ತೇವೆ.

ಜೊತೆಗೆ ತಂಬಾಕೂ ಹಾಕುತ್ತಿದ್ದರೆ ಬಿಡುವುದು ಇನ್ನಷ್ಟು ಕಷ್ಟ. 1800-11-2356 ತಂಬಾಕು ಬಿಡುವವರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ, ಕರೆಗೆ ದುಡ್ಡಿಲ್ಲ.

ಐದನೆಯ ಹೆಜ್ಜೆ: ಡಾಕ್ಟರ ಹತ್ತಿರ

ಹತ್ತಿರದ ದಂತವೈದ್ಯರು ಮೊದಲು ನೋಡಲಿ. ದಂತ ಕಾಲೇಜು ಹತ್ತಿರ ಇದ್ದರೆ ಅಲ್ಲಿನ ಓರಲ್ ಮೆಡಿಸಿನ್ ವಿಭಾಗ ಇದಕ್ಕೆ ಸರಿಯಾದ ಜಾಗ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇದೆ, ದಾವಣಗೆರೆ, ಮಂಗಳೂರು, ಧಾರವಾಡದಂಥ ಊರುಗಳಲ್ಲೂ ದಂತ ಕಾಲೇಜುಗಳಿವೆ. ಹೋಗುವಾಗ ಅಳತೆ ಬರೆದ ಚೀಟಿ ಒಯ್ಯಿರಿ. ಏನು ಹಾಕುತ್ತಿದ್ದಿರಿ, ದಿನಕ್ಕೆ ಎಷ್ಟು, ಎಷ್ಟು ವರ್ಷ ಅನ್ನುವುದನ್ನು ಇದ್ದ ಹಾಗೆ ಹೇಳಿ. ಅರ್ಧ ಲೆಕ್ಕ ಹೇಳುವವರೇ ಜಾಸ್ತಿ. ನಾವು ಮನಸ್ಸಿನಲ್ಲೇ ಎರಡರಿಂದ ಗುಣಿಸಿಕೊಳ್ಳುತ್ತೇವೆ.

ಸಾಮಾನ್ಯವಾಗಿ ರಕ್ತಪರೀಕ್ಷೆ ಮಾಡಿಸುತ್ತಾರೆ, ಏಕೆಂದರೆ ಈ ರೋಗದವರಲ್ಲಿ ರಕ್ತ ಕಡಿಮೆ ಇರುವುದು ಬಹಳ. ಅನುಮಾನದ ಮಚ್ಚೆ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರು ತೆಗೆದರೆ ಕ್ಯಾನ್ಸರ್ ಹಬ್ಬುತ್ತದೆ ಅನ್ನುವುದು ಸುಳ್ಳು.

ಆರಂಭದಲ್ಲಿದ್ದರೆ ಅಡಿಕೆ ನಿಲ್ಲಿಸಿ, ಕೊರತೆ ಇರುವ ಕಬ್ಬಿಣ, ವಿಟಮಿನ್ ಕೊಟ್ಟು, ಟೊಮೆಟೊದ ಕೆಂಪಿನಲ್ಲಿರುವ ಲೈಕೋಪೀನ್‌ನ ಮಾತ್ರೆ ಕೊಡುವುದು ರೂಢಿ. ಉರಿ ಕೆಲವೇ ವಾರಗಳಲ್ಲಿ ಇಳಿಯಬಹುದು. ಬಿಗಿತ ಬಂದಿದ್ದರೆ ಕೆನ್ನೆಯೊಳಗೆ ಸ್ಟಿರಾಯ್ಡ್ ಮತ್ತು ಹಯಲ್ಯುರೊನಿಡೇಸ್ ಎಂಬ ಔಷಧಿಯ ಇಂಜೆಕ್ಷನ್, ವಾರಕ್ಕೊಂದೋ ಎರಡೋ, ಕೆಲವು ವಾರ. ಮೊದಲನೆಯದು ಕಿಟಾರನೆ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಸ್ಟಿರಾಯ್ಡ್ ಕೊಡುವ ಮೊದಲೇ ಡಾಕ್ಟರಿಗೆ ತಿಳಿಸಬೇಕು. ತೀರಾ ಕಟ್ಟಿದ ಬಾಯಿಗೆ ಆಪರೇಷನ್ ಮಾಡುತ್ತಾರೆ. ನಾರಿನ ಎಳೆ ಕತ್ತರಿಸಿ, ಬಯಲಾದ ಜಾಗಕ್ಕೆ ಕೆನ್ನೆಯ ಕೊಬ್ಬನ್ನೋ ಮೂಗಿನ ಪಕ್ಕದ ಚರ್ಮವನ್ನೋ ಹೊದಿಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ ಮಾಡದಿದ್ದರೆ ಗಾಯ ಮಾಯುತ್ತಾ ಮಾಯುತ್ತಾ ಮತ್ತೆ ಎಳೆದುಕೊಳ್ಳುತ್ತದೆ.

ಒಮ್ಮೆ ಗಟ್ಟಿಯಾದ ನಾರನ್ನು ಪೂರ್ತಿ ಕರಗಿಸುವ ಮಾತ್ರೆ ಇನ್ನೂ ಇಲ್ಲ. "ಹದಿನೈದು ದಿನದಲ್ಲಿ ಬಾಯಿ ತೆರೆಸುತ್ತೇವೆ" ಅಂತ ಯಾರಾದರೂ ಹೇಳಿದರೆ ದುಡ್ಡು ಜೇಬಲ್ಲೇ ಇರಲಿ.

ಆರನೆಯ ಹೆಜ್ಜೆ: ಐಸ್‌ಕ್ಯಾಂಡಿ ಕಡ್ಡಿಗಳು

ಇದು ರೋಗಿ ತನ್ನ ಕೈಯಾರೆ ಮಾಡಬೇಕಾದ ಕೆಲಸ. ಹೊಸ ಐಸ್‌ಕ್ಯಾಂಡಿ ಕಡ್ಡಿಗಳ ಒಂದು ಕಟ್ಟು ತನ್ನಿ. ಒಂದೊಂದು ಕಡ್ಡಿ ಸುಮಾರು 2 ಮಿ.ಮೀ. ದಪ್ಪ. ಹುಣ್ಣು ಇದ್ದರೆ ಅದು ಮಾಯ್ದ ಮೇಲೆ, ಡಾಕ್ಟರು ಒಮ್ಮೆ ತೋರಿಸಿಕೊಟ್ಟ ಮೇಲೆ ಶುರು ಮಾಡಿ.

ಮೊದಲು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಎರಡೂ ಕೆನ್ನೆಯ ಮೇಲೆ ಐದು ನಿಮಿಷ ಇಡಿ. ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಮುಂದಿನ ಹಲ್ಲಿಗೆ ಅಲ್ಲ, ಬದಿಯ ಅಗಿಯುವ ಹಲ್ಲುಗಳ ನಡುವೆ ಇಡಿ. ಮುಂದಿನ ಹಲ್ಲಿಗೆ ಒತ್ತಡ ಬಿದ್ದರೆ ಅವು ಸಡಿಲವಾಗುತ್ತವೆ. ಬಿಗಿಯಾಗಿ ಕೂರುವಷ್ಟು ಕಡ್ಡಿ ಇಟ್ಟ ಮೇಲೆ ನಡುವೆ ಇನ್ನೊಂದನ್ನು ಮೆಲ್ಲಗೆ ತೂರಿಸಿ. ಕೆನ್ನೆ ಎಳೆಯಬೇಕು, ಚುಚ್ಚಬಾರದು. ಒಂದು ನಿಮಿಷ ಹಾಗೇ ಇಟ್ಟು ತೆಗೆಯಿರಿ. ಐದು ಸಲ ಮಾಡಿ, ಬದಿ ಬದಲಿಸಿ. ದಿನಕ್ಕೆ ನಾಲ್ಕು ಹೊತ್ತು. ಈ ಕಡ್ಡಿ ಸಲೀಸಾದ ಮೇಲೆಯೇ ಮುಂದಿನದು. ವಾರಕ್ಕೊಂದು ಏರಿದರೆ ಅದು ಒಳ್ಳೆಯ ವೇಗ.

ರಕ್ತ ಬಂದರೆ, ಕಿವಿಯ ಮುಂದೆ ನೋವು ಬಂದರೆ ನಿಲ್ಲಿಸಿ ಕೇಳಿ. ಬಾಟಲಿಯ ಕುತ್ತಿಗೆ, ಚಮಚ, ಕೀಲಿಕೈ ತುರುಕಿ ಬಲವಂತವಾಗಿ ತೆರೆಯಲು ಹೋಗಬೇಡಿ. ಹರಿದ ಜಾಗ ಮಾಯುವಾಗ ಅಲ್ಲಿ ಇನ್ನಷ್ಟು ನಾರು ಬರುತ್ತದೆ.

ಮಂಡಿ ಹುಡುಗನ ಚೀಟಿ

ಶುರುವಿನಲ್ಲಿ 29 ಮಿ.ಮೀ. ಇತ್ತು, ಹಿಮೋಗ್ಲೋಬಿನ್ 10.8. ಪ್ಯಾಕೆಟ್ ನಿಲ್ಲಿಸಿದ, ವಾರಕ್ಕೊಂದರಂತೆ ಎಂಟು ಇಂಜೆಕ್ಷನ್ ತಗೊಂಡ, ಕಡ್ಡಿ ವ್ಯಾಯಾಮ ಮಾಡಿದ. ಮೂರನೆಯ ವಾರಕ್ಕೆ ಉರಿ ಅರ್ಧ ಇಳಿಯಿತು. ಎರಡು ತಿಂಗಳಿಗೆ 32. ನಾಲ್ಕನೆಯ ತಿಂಗಳಲ್ಲಿ ನೆಂಟರ ಮದುವೆಗೆ ಹೋದವನು ಮತ್ತೆ ಶುರು ಮಾಡಿದ. ನನಗೆ ಹೇಳಲಿಲ್ಲ. ಹತ್ತೇ ದಿನಕ್ಕೆ ಉರಿ ವಾಪಸ್ ಬಂತು, ಅಳತೆ ಮಾತ್ರ ಇನ್ನೂ 33ರಲ್ಲೇ ಇತ್ತು. ಅವನೇ ಫೋನ್ ಮಾಡಿದ: "ಸಾರ್, ಸಾರು ಮತ್ತೆ ಖಾರ ಆಗ್ತಿದೆ." ಈ ಸಲ ಹೆಂಡತಿಯನ್ನು ದೂರಲಿಲ್ಲ. ಅವತ್ತೇ ಬಿಟ್ಟ. ಆರು ತಿಂಗಳಿಗೆ 35 ಆಯಿತು, ವರ್ಷಕ್ಕೆ 36. ಅಲ್ಲಿಂದ ಮೇಲೆ ಏರಿಲ್ಲ, ಇಳಿದೂ ಇಲ್ಲ. ಕೆನ್ನೆಯ ಎಳೆ ಬೆರಳಿಗೆ ಈಗಲೂ ಸಿಗುತ್ತದೆ.

ಆರು ತಿಂಗಳಿಗೊಮ್ಮೆ ಬರುತ್ತಾನೆ. ನಾನು ಕೆನ್ನೆ, ನಾಲಿಗೆಯ ಅಂಚು, ಅಂಗುಳ ಎಲ್ಲ ನೋಡುತ್ತೇನೆ. ಅಡಿಕೆ ಬಿಟ್ಟು ವರ್ಷಗಳಾದರೂ ಈ ಕೆನ್ನೆಯಲ್ಲಿ ಕ್ಯಾನ್ಸರಿನ ಅಪಾಯ ಉಳಿದಿರುತ್ತದೆ, ಹಾಗಾಗಿ ಈ ತಪಾಸಣೆಗೆ ಕೊನೆ ಇಲ್ಲ. ಕಳೆದ ಸಲ ಬಂದಾಗ ಮಿರ್ಚಿ ತಿಂದೆ ಅಂತ ಹೇಳಿದ. ಮಧ್ಯದ ಬೀಜ ತೆಗೆಸಿ. ಪಾನಿಪುರಿ ಇಡೀ ಹೋಗುತ್ತಿದೆಯಂತೆ. ಸಿಳ್ಳೆ ಇನ್ನೂ ಬಂದಿಲ್ಲ.